ಫರಸಿ ಎಣಿಸುವ ಒಂದು ನಿಮಿಷ: ರಂಗದ ಮೇಲೆ ಮುಜುಗರಪಡುವ ಮಕ್ಕಳೊಂದಿಗೆ ಕಲಿತದ್ದು

ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಡೆಯುವ ನಾಟಕ ಸಂಘದ ಹೊಣೆಯೂ ನನ್ನದೇ. ಮೊದಲ ವರ್ಷ ನಾನು ಮಕ್ಕಳನ್ನು ದುಂಡಗೆ ನಿಲ್ಲಿಸಿ, ಒಬ್ಬೊಬ್ಬರನ್ನೇ ನಡುವೆ ಕರೆದು, ತೋಚಿದ್ದನ್ನು ಅಭಿನಯಿಸಿ ತೋರಿಸಲು ಹೇಳುತ್ತಿದ್ದೆ. ಅದೇ ಅವರ ಮೈಚಳಿ ಬಿಡಿಸುವ ದಾರಿ ಎಂದು ನಂಬಿದ್ದೆ. ಆದರೆ ತನ್ನ ಸರದಿ ಬರುವವರೆಗೆ ಕಾಯುವ ಹದಿನಾಲ್ಕರ ಮಗು ಆಟವನ್ನು ನೋಡುತ್ತಿರುವುದಿಲ್ಲ. ಗೆಳೆಯರ ಕಣ್ಣಿಗೆ ತಾನು ಹೇಗೆ ಕಂಡೇನೆಂದು ಲೆಕ್ಕ ಹಾಕುತ್ತಿರುತ್ತದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನಡುವೆ ಬಂದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, "ಸರ್, ನನಗ ಆಗೂದಿಲ್ರಿ" ಎಂದವಳು ಮುಂದಿನ ಎರಡು ವಾರ ಸಂಘದ ಕಡೆಗೆ ಸುಳಿಯಲಿಲ್ಲ. ತಪ್ಪು ಅವಳದಾಗಿರಲಿಲ್ಲ. ಮಾಡಲು ಕೆಲಸವನ್ನೇ ಕೊಡದೆ ನಾನು ಅವಳನ್ನು ನೋಟಕ್ಕೆ ಮಾತ್ರ ಒಡ್ಡಿದ್ದೆ.

ಅನಂತರ ನಾನು ಆರಿಸಿಕೊಂಡದ್ದು ಅಮೆರಿಕದ ವಯೋಲಾ ಸ್ಪೋಲಿನ್ ರೂಪಿಸಿದ ರಂಗ ಆಟಗಳಲ್ಲಿ ಒಂದನ್ನು. ಹದಿನೆಂಟು ಮಕ್ಕಳಲ್ಲಿ ಒಂಬತ್ತು ಮಂದಿ ರಂಗದ ಮೇಲೆ ಸಾಲಾಗಿ ನಿಲ್ಲುತ್ತಾರೆ, ಉಳಿದ ಒಂಬತ್ತು ಮಂದಿ ಎದುರು ಕುಳಿತು ಅವರನ್ನು ಸುಮ್ಮನೆ ನೋಡುತ್ತಾರೆ. ಒಂದು ನಿಮಿಷ ಏನನ್ನೂ ಮಾಡುವಂತಿಲ್ಲ. ಅರ್ಧ ನಿಮಿಷ ಕಳೆಯುವುದರೊಳಗೆ ಒಬ್ಬನ ಭುಜಗಳು ಕಿವಿಯತ್ತ ಏರುತ್ತವೆ, ಇನ್ನೊಬ್ಬಳ ಬೆರಳು ಜಡೆಯ ತುದಿಯನ್ನು ಹುಡುಕುತ್ತದೆ, ಸಾಲಿನ ಒಂದು ಕೊನೆಯಲ್ಲಿ ಹುಟ್ಟಿದ ನಗು ಇನ್ನೊಂದು ಕೊನೆಯವರೆಗೆ ಹರಿಯುತ್ತದೆ. ಆಗ ನಾನು, "ನೆಲದ ಫರಸಿ ಕಲ್ಲು ಎಷ್ಟಿವೆ, ಎಣಿಸಿರಿ, ಮುಗಿದವರು ಕಿಟಕಿಯ ಸರಳುಗಳನ್ನು ಎಣಿಸಿರಿ" ಎನ್ನುತ್ತೇನೆ. ಎಣಿಕೆ ಮೊದಲಾದ ಕೂಡಲೇ ಕೈಗಳು ತಾವಾಗಿಯೇ ಕೆಳಗಿಳಿಯುತ್ತವೆ, ಉಸಿರು ಹದಕ್ಕೆ ಬರುತ್ತದೆ, ನಗು ನಿಲ್ಲುತ್ತದೆ. ಬಳಿಕ ಗುಂಪುಗಳು ಜಾಗ ಬದಲಿಸುತ್ತವೆ. ಕೊನೆಗೆ ನೋಡಿದವರನ್ನು ಏನು ಬದಲಾಯಿತೆಂದು ಕೇಳಿದರೆ, ಮಕ್ಕಳೇ ಅದನ್ನು ಗುರುತಿಸಿ ಹೇಳುತ್ತಾರೆ. ನೋಡುವ ಕಣ್ಣುಗಳು ಮೊದಲಿನಷ್ಟೇ ಇದ್ದವು. ನಿಂತವರ ಗಮನ ಮಾತ್ರ ತಮ್ಮ ಮೈಯಿಂದ ನೆಲದ ಕಡೆಗೆ ಹೊರಳಿತ್ತು.

ಇದರಲ್ಲಿ ನಾನು ಎಡವಿದ್ದೂ ಉಂಟು. ಒಮ್ಮೆ "ಎಣಿಸುವಂತೆ ಅಭಿನಯಿಸಿ" ಎಂದುಬಿಟ್ಟೆ. ತುಟಿಗಳೇನೋ ಅಲುಗಿದವು, ಆದರೆ ಕಣ್ಣುಗಳು ಮತ್ತೆ ಪ್ರೇಕ್ಷಕರ ಸಾಲಿಗೇ ಹೋದವು. ಎಣಿಕೆ ನಿಜವಾಗಿರಬೇಕು. ಆದ್ದರಿಂದ ಈಗ ಪ್ರತಿಯೊಬ್ಬರ ಲೆಕ್ಕವನ್ನೂ ಕೇಳುತ್ತೇನೆ, ವ್ಯತ್ಯಾಸ ಬಂದರೆ ಮತ್ತೆ ಎಣಿಸಲು ಹೇಳುತ್ತೇನೆ. ಮೆಚ್ಚುಗೆಯ ವಿಷಯದಲ್ಲಿಯೂ ಎಚ್ಚರ ಬೇಕು. "ಬಹಳ ಚೆನ್ನಾಗಿ ನಿಂತೆ" ಎಂಬ ಒಂದು ಮಾತು ಸಾಕು, ಮಗುವಿನ ಗಮನ ಮತ್ತೆ ತನ್ನ ನಿಲುವಿಗೆ ಮರಳುತ್ತದೆ. ಇನ್ನು, ಮೊದಲ ದಿನವೇ ಈ ಆಟವನ್ನು ಆಡಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕನಿಷ್ಠ ಎರಡು ಶನಿವಾರ ಎಲ್ಲರೂ ಏಕಕಾಲಕ್ಕೆ ಆಡುವ, ನೋಡುವವರೇ ಇಲ್ಲದ ಆಟಗಳಿರಬೇಕು: ಕೋಣೆಯ ತುಂಬ ನಡೆದಾಡುವುದು, ಚಪ್ಪಾಳೆಗೆ ನಿಲ್ಲುವುದು, ಜೋಡಿಯಾಗಿ ಒಬ್ಬರ ಚಲನೆಯನ್ನು ಇನ್ನೊಬ್ಬರು ಕನ್ನಡಿಯಂತೆ ಅನುಸರಿಸುವುದು. ಜೋಡಿಗಳನ್ನು ಅವರೇ ಆರಿಸಿಕೊಳ್ಳಲಿ. ಈ ವಯಸ್ಸಿನಲ್ಲಿ ಹುಡುಗ ಹುಡುಗಿಯರನ್ನು ಶಿಕ್ಷಕರೇ ಎದುರುಬದುರು ನಿಲ್ಲಿಸಿ ಕಣ್ಣಲ್ಲಿ ಕಣ್ಣಿಡಲು ಹೇಳಿದರೆ ಇರುವ ಮುಜುಗರ ಇಮ್ಮಡಿಯಾಗುತ್ತದೆ.

ಆದರೆ ಎಣಿಕೆಯಿಂದ ಮಾತು ಹುಟ್ಟುವುದಿಲ್ಲ. ಅದಕ್ಕಾಗಿ ಮುಂದಿನ ಹಂತದಲ್ಲಿ ಕಣ್ಣಿಗೆ ಕಾಣದ ತುಂಬಿದ ಕೊಡವೊಂದನ್ನು ಹೊತ್ತು, ಹನಿ ನೀರೂ ಚೆಲ್ಲದಂತೆ ರಂಗವನ್ನು ದಾಟಲು ಹೇಳುತ್ತೇನೆ. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತರು ಪಾತ್ರಗಳನ್ನು ಮಾತಿಗೆಳೆಯುವ ಕ್ರಮವನ್ನು ಮಕ್ಕಳು ಬಲ್ಲರು. ಅದರಂತೆ ನಾನು ಪಕ್ಕದಿಂದ ಯಾರ ಮನೆಯ ನೀರು, ಎಲ್ಲಿಗೆ ಹೊರಟದ್ದು ಎಂದು ಕೇಳುತ್ತಾ ಹೋಗುತ್ತೇನೆ. ಉತ್ತರ ಚತುರವಾಗಿರಬೇಕಿಲ್ಲ, ಕೊಡ ಮಾತ್ರ ಅಲುಗಬಾರದು. ಉತ್ತರಿಸುವ ಭರದಲ್ಲಿ ಕೊಡ ಹಿಡಿದ ಕೈ ಸಡಿಲಾಗಿ ನೋಟ ಪ್ರೇಕ್ಷಕರತ್ತ ತಿರುಗಿದರೆ, ನಾನು ಬೇಗ ಮಾತಿಗೆ ಬಂದೆನೆಂದೇ ಅರ್ಥ. ಆಗ ಪ್ರಶ್ನೆ ನಿಲ್ಲಿಸಿ, ನೀರು ಎಲ್ಲಿಯವರೆಗೆ ತುಂಬಿದೆ ಎಂದಷ್ಟೇ ಕೇಳುತ್ತೇನೆ. ಇಷ್ಟಾದರೂ ರಂಗಕ್ಕೆ ಬರಲೊಪ್ಪದ ಒಂದಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಒತ್ತಾಯಿಸದೆ ಗಡಿಯಾರ ನೋಡುವ ಕೆಲಸ ಕೊಡುತ್ತೇನೆ.

ಮೊದಲ ವರ್ಷ ನಡುವೆ ನಿಂತು ಹಿಂಜರಿದಿದ್ದ ಆ ಹುಡುಗಿ ಮರಳಿ ಬಂದ ಮೇಲೆ ಮೂರು ಶನಿವಾರ ಗಡಿಯಾರವನ್ನೇ ನೋಡಿದಳು. ನಾಲ್ಕನೆಯ ವಾರ ತಾನಾಗಿಯೇ ಎದ್ದು ಕೊಡ ಹೊತ್ತಳು. ನಾನು ಅಡ್ಡ ನಿಂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಾಗ, ಕೊಡದ ಅಂಚಿನಿಂದ ಕಣ್ಣು ಕೀಳದೆ, ಗಟ್ಟಿಯಾಗಿ, "ನೀರ ಚೆಲ್ತಾವ, ದಾರಿ ಬಿಡ್ರಿ" ಎಂದಳು. ನಾನು ದಾರಿ ಬಿಟ್ಟೆ.