ವ್ಯಾಪಾರ ಹೆಚ್ಚಿತು, ಲಾಭ ಇಳಿಯಿತು: ಅಕ್ಕ-ತಮ್ಮನ ಅಂಗಡಿಯ ಲೆಕ್ಕ

ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ತಂದೆಯ ಅಂಗಡಿ ಅಕ್ಕ-ತಮ್ಮ ಇಬ್ಬರಿಗೂ ಸಮಪಾಲಾಗಿ ಬಂದ ಮೇಲೆ, ತಮ್ಮ ಗಲ್ಲಾದಲ್ಲಿ ಕುಳಿತು ವ್ಯಾಪಾರ ನಡೆಸಿದರೆ, ಅಕ್ಕ ಖರೀದಿಯನ್ನೂ ಪೂರೈಕೆದಾರರ ಬಾಕಿಯನ್ನೂ ನೋಡಿಕೊಂಡರು. ವರ್ಷ ಕಳೆದ ಮೇಲೆ ಇಬ್ಬರೂ ಪುಸ್ತಕ ಹಿಡಿದು ನನ್ನಲ್ಲಿಗೆ ಬಂದರು.

"ಅಪ್ಪನ ಕಾಲಕ್ಕಿಂತ ವ್ಯಾಪಾರ ಜಾಸ್ತಿಯಾಗಿದೆ, ಆದರೂ ಅಕ್ಕ ನಷ್ಟ ಅಂತಾಳೆ" ಎಂದರು ತಮ್ಮ. "ಬಂದ ದುಡ್ಡೆಲ್ಲ ಸರಕಿಗೇ ಹೋಗುತ್ತಿದೆಯಲ್ಲೋ" ಎಂದರು ಅಕ್ಕ.

ಮೊದಲು ಅಕ್ಕನ ಲೆಕ್ಕವನ್ನು ಸರಿಪಡಿಸಬೇಕಾಯಿತು. ವರ್ಷವಿಡೀ ಕೊಂಡ ಸರಕನ್ನೆಲ್ಲ ಅವರು ಖರ್ಚೆಂದು ಬರೆದಿದ್ದರು. ಆದರೆ ಮಾರಿದ ಸರಕಿನ ಅಸಲು ತಿಳಿಯಬೇಕಾದರೆ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಯಲ್ಲಿ ಉಳಿದ ದಾಸ್ತಾನನ್ನು ಕಳೆಯಬೇಕು. ಕಪಾಟಿನಲ್ಲಿದ್ದ ಸರಕನ್ನು ಎಣಿಸಿದ ಮೇಲೆ ನಷ್ಟ ಮಾಯವಾಯಿತು, ಆದರೆ ಉಳಿದ ಲಾಭ ಬಹಳ ಸಣ್ಣದಾಗಿತ್ತು.

ಅದಕ್ಕೆ ಕಾರಣ ತಮ್ಮ ಕೊಟ್ಟ ರಿಯಾಯಿತಿ. ತಂದೆಯ ಕೊನೆಯ ವರ್ಷದ ಮಾರಾಟವನ್ನು 100 ಎಂದಿಟ್ಟುಕೊಂಡರೆ, ಸರಕಿನ ಅಸಲು 75, ಇತರ ಖರ್ಚು 15, ಲಾಭ 10. ತಮ್ಮ ಎಲ್ಲ ಬೆಲೆಗಳನ್ನೂ ಶೇಕಡಾ 10ರಷ್ಟು ಇಳಿಸಿದ್ದರಿಂದ ಶೇಕಡಾ 30ರಷ್ಟು ಹೆಚ್ಚು ಸರಕು ಖರ್ಚಾಯಿತು, ಮಾರಾಟ 117ಕ್ಕೆ ಏರಿತು. ಆದರೆ ಆ ಸರಕಿನ ಅಸಲು 97.5, ಹೆಚ್ಚಿದ ಗಿರಾಕಿಗಳಿಗಾಗಿ ಸೇರಿಸಿಕೊಂಡ ಸಹಾಯಕನ ಸಂಬಳವೂ ಸೇರಿ ಇತರ ಖರ್ಚು 17. ಉಳಿದದ್ದು 2.5, ಅಂದರೆ ತಂದೆಯ ಕಾಲದ ಲಾಭದ ಕಾಲು ಭಾಗ. ಇದರಲ್ಲಿ ಅವರಿಬ್ಬರ ದುಡಿಮೆಗೆ ಸಂಬಳವನ್ನೂ ಸ್ವಂತ ಕಟ್ಟಡಕ್ಕೆ ಬಾಡಿಗೆಯನ್ನೂ ಹಿಡಿದಿರಲಿಲ್ಲ. ಪಿತ್ರಾರ್ಜಿತ ಅಂಗಡಿಗಳಲ್ಲಿ ಇವೆರಡೂ ಪುಸ್ತಕಕ್ಕೆ ಬರುವುದೇ ಅಪರೂಪ. ಹಿಡಿದು ನೋಡಿದರೆ ಅಂಗಡಿ ನಿಜವಾಗಿ ಏನು ದುಡಿಯುತ್ತಿದೆ ಎಂಬುದು ಗೊತ್ತಾಗುತ್ತದೆ.

"ಶೇಕಡಾ 30 ಹೆಚ್ಚು ಮಾರಿದರೂ ಸಾಲದೇ?" ಎಂದು ತಮ್ಮ ಕೇಳಿದರು. ಸಾಲದು. 100ಕ್ಕೆ ಮಾರುವ ಸರಕಿನಲ್ಲಿ 25 ಉಳಿಯುತ್ತಿದ್ದಲ್ಲಿ, ಬೆಲೆ 90ಕ್ಕೆ ಇಳಿದ ಮೇಲೆ 15 ಮಾತ್ರ ಉಳಿಯುತ್ತದೆ. ಗ್ರಾಹಕರಿಗೆ ಬಿಟ್ಟುಕೊಟ್ಟ 10 ಪೂರ್ತಿಯಾಗಿ ಮಾಲೀಕರ ಪಾಲಿನಿಂದಲೇ ಹೋಗುತ್ತದೆ, ಪೂರೈಕೆದಾರರು ತಮ್ಮ ದರ ಇಳಿಸುವುದಿಲ್ಲ. ಇತರ ಖರ್ಚು ಏರದೇ ಇದ್ದಿದ್ದರೂ ಹಿಂದಿನಷ್ಟೇ ಗಳಿಸಲು ಸುಮಾರು ಶೇಕಡಾ 67ರಷ್ಟು ಹೆಚ್ಚು ಸರಕು ಮಾರಬೇಕಿತ್ತು.

ರಿಯಾಯಿತಿಯನ್ನು ಪೂರ್ತಿ ನಿಲ್ಲಿಸುವ ಅಗತ್ಯವೇನೂ ಇರಲಿಲ್ಲ. 40 ಉಳಿಯುವ ಸರಕಿನಲ್ಲಿ 10 ಬಿಟ್ಟರೆ ಮೂರನೇ ಒಂದು ಭಾಗದಷ್ಟು ಹೆಚ್ಚು ಮಾರಿದರೆ ಸಾಕು. 15 ಮಾತ್ರ ಉಳಿಯುವ ಸರಕಿನಲ್ಲಾದರೆ ಮೂರು ಪಟ್ಟು ಮಾರಬೇಕಾಗುತ್ತದೆ. ಅಕ್ಕ ಪ್ರತಿ ಸರಕಿನ ಅಸಲನ್ನು ಬರೆದು ತಮ್ಮನ ಕೈಗಿತ್ತರು, ಕಡಿಮೆ ಉಳಿಯುವ ಸರಕುಗಳ ಮೇಲಿನ ರಿಯಾಯಿತಿಯನ್ನು ತಮ್ಮ ತೆಗೆದುಹಾಕಿದರು. ದಿನದ ಪುಸ್ತಕದಲ್ಲಿ ಮಾರಾಟದ ಪಕ್ಕಕ್ಕೆ ಉಳಿಕೆಯ ಅಂಕಣವೊಂದನ್ನು ಇಬ್ಬರೂ ಸೇರಿ ಎಳೆದುಕೊಂಡರು.