ತಿಂಗಳಿಗೆ ಎಷ್ಟು ಓಪನಿಂಗ್? ಶೀಟ್ ಎರಡನೇ ಆವೃತ್ತಿ, ಮೂರನೇ ವಾರದ ಗಂಟು ಬಿಡಿಸಿದ ಲೆಕ್ಕ

ಕೆಲಸ ಹುಡುಕೋಕೆ ಅಂತ ಮಾಡಿದ ಶೀಟಿನ ಮೊದಲ ಆವೃತ್ತಿ ಮೂರನೇ ವಾರದಲ್ಲಿ ಕುಸಿದುಬಿತ್ತು. ರೆಸ್ಯೂಮೆ ಸಿದ್ಧಪಡಿಸೋದು, ನೌಕ್ರಿ ಪ್ರೊಫೈಲ್ ಆಗಾಗ ಅಪ್‌ಡೇಟ್ ಮಾಡೋದು ಇವೆಲ್ಲ ಎಲ್ಲರಿಗೂ ಗೊತ್ತಿರೋದೇ, ಅದನ್ನು ಬಿಡ್ತೀನಿ. ಕೈಕೊಟ್ಟದ್ದು ಒಂದೇ ಕಡೆ: ಒಟ್ಟಿಗೆ ಎಷ್ಟು ಓಪನಿಂಗ್ ಹಿಂದೆ ಬೀಳಬೇಕು ಅನ್ನೋ ಸಂಖ್ಯೆ.

ಲೆಕ್ಕಕ್ಕೆ ಇಟ್ಟುಕೊಂಡಿರೋದು ಬೆಂಗಳೂರಿನ ಒಬ್ಬ ಜಾವಾ ಬ್ಯಾಕೆಂಡ್ ಡೆವಲಪರ್. ನಾಲ್ಕು ವರ್ಷದ ಅನುಭವ, ಈಗಲೂ ಕೆಲಸದಲ್ಲಿದ್ದಾರೆ, 90 ದಿನದ ನೋಟಿಸ್. ಹುಡುಕಾಟಕ್ಕೆ ಸಿಗೋದು ವಾರದ ದಿನಗಳಲ್ಲಿ ಸಂಜೆ ಒಂದೊಂದು ಗಂಟೆ, ಶನಿವಾರ ಮೂರು, ಭಾನುವಾರ ಎರಡು. ಒಟ್ಟು ವಾರಕ್ಕೆ 10 ಗಂಟೆ. ಮುಂದೆ ಬರುವ ಅಂಕಿಗಳೆಲ್ಲ ಈ ಒಂದು ಶೀಟಿನವು. ನಿಮ್ಮ ಶೀಟಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಅದೇ.

ಅರ್ಜಿಗಳನ್ನು ಎರಡು ಜಾತಿ ಮಾಡಿದ್ದೇನೆ. ಆಳದ ಅರ್ಜಿಗೆ ಎರಡು ಗಂಟೆ: ಜೆಡಿ ಅಂದರೆ ಹುದ್ದೆಯ ವಿವರ ಸಾಲುಸಾಲಾಗಿ ಓದಬೇಕು, ರೆಸ್ಯೂಮೆಯ ಮೇಲಿನ ಮೂರು ಸಾಲು ಅದಕ್ಕೆ ತಕ್ಕಂತೆ ತಿದ್ದಬೇಕು, ಆ ತಂಡದಲ್ಲಿರುವ ಒಬ್ಬರನ್ನು ಹುಡುಕಿ ರೆಫರಲ್ ಕೇಳಬೇಕು. ತಿದ್ದೋದು ಅಂದರೆ ಪದ ತುರುಕೋದಲ್ಲ. ಜೆಡಿ ಪೇಮೆಂಟ್ಸ್ ತಂಡದ್ದಾದರೆ ‘ಮೈಕ್ರೋಸರ್ವಿಸ್ ಕಟ್ಟಿದ್ದೇನೆ’ ಅನ್ನೋ ಸಾಲು ಹೋಗಬೇಕು, ‘ಬ್ಯಾಂಕಿನ ಕಾಲ್‌ಬ್ಯಾಕ್ ಎರಡು ಸಲ ಬಂದರೂ ಹಣ ಒಂದೇ ಸಲ ಜಮೆಯಾಗುವಂತೆ ಮಾಡಿದ್ದೇನೆ’ ಅನ್ನೋದು ಬರಬೇಕು. ಕೆಲಸ ಅದೇ, ಆದರೆ ಓದುವವರಿಗೆ ತಮ್ಮ ತಲೆನೋವು ಕಾಣಿಸುತ್ತೆ. ಮೇಲ್ಮೈ ಅರ್ಜಿಗೆ ಹತ್ತೇ ನಿಮಿಷ: ಮೂಲ ರೆಸ್ಯೂಮೆ, ಸಿಟಿಸಿ, ನೋಟಿಸ್ ಪೀರಿಯಡ್ ತುಂಬಿ ಕಳಿಸೋದು.

ಮೊದಲ ಆವೃತ್ತಿಯಲ್ಲಿ ಮೊದಲ ವಾರ ಐದು ಆಳದ ಅರ್ಜಿ, ಎರಡನೇ ವಾರ ನಾಲ್ಕು ಆಳ, ಹನ್ನೆರಡು ಮೇಲ್ಮೈ. ಎರಡೂ ವಾರ ಸರಿಯಾಗಿ ಹತ್ತು ಗಂಟೆ. ಶೀಟ್ ನೋಡೋಕೆ ಬಲು ಚೆಂದ. ಮೂರನೇ ವಾರ ನಾಲ್ಕು ಕಡೆ ರೌಂಡ್‌ಗಳು ಒಟ್ಟಿಗೆ ಶುರುವಾದವು. ರೌಂಡ್‌ನಲ್ಲಿರುವ ಒಂದೊಂದು ಓಪನಿಂಗ್ ವಾರಕ್ಕೆ ಸುಮಾರು ಮೂರು ಗಂಟೆ ತಿನ್ನುತ್ತೆ: ಆನ್‌ಲೈನ್ ಟೆಸ್ಟ್ ಅಥವಾ ಒಂದು ಟೆಕ್ನಿಕಲ್ ರೌಂಡ್, ಅದಕ್ಕೆ ತಯಾರಿ, ಜೊತೆಗೆ ಹೆಚ್‌ಆರ್ ಫೋನು. ನಾಲ್ಕಕ್ಕೆ 12 ಗಂಟೆ, ಇರೋದು 10. ಅತ್ಯುತ್ತಮವಾಗಿ ಹೊಂದುತ್ತಿದ್ದ ಓಪನಿಂಗಿಗೇ ತಯಾರಿ ಇಲ್ಲದೆ ಹೋಗಬೇಕಾಯ್ತು. ಗಂಟು ಇರೋದು ಇಲ್ಲೇ. ಕಳಿಸುವ ಖರ್ಚು ಇವತ್ತೇ ಕಾಣುತ್ತೆ, ಕಳಿಸಿದ್ದು ಫಲಿಸಿದಾಗ ಬರುವ ಖರ್ಚು ಎರಡು ವಾರ ಆದಮೇಲೆ ಕಾಣುತ್ತೆ.

ಇದಕ್ಕೆ ಹಳೆಯ ಸೂತ್ರವೊಂದಿದೆ, 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು: `L = λW`. ಒಳಗಿರುವವರ ಸಂಖ್ಯೆ ಅಂದರೆ ವಾರಕ್ಕೆ ಒಳಬರುವವರ ಸಂಖ್ಯೆಯನ್ನು ಅವರು ಒಳಗಿರುವ ವಾರಗಳಿಂದ ಗುಣಿಸಿದ್ದು. ಈ ಶೀಟಿನಲ್ಲಿ ಆಳದ ಅರ್ಜಿಗೆ ನಾಲ್ಕಕ್ಕೊಂದು ಕರೆ, ಬಂದದ್ದು ರೌಂಡ್‌ನಲ್ಲಿ ಎರಡು ವಾರ ಉಳಿಯುತ್ತೆ. ಹಾಗಾಗಿ ವಾರಕ್ಕೆ ಒಂದು ಆಳದ ಅರ್ಜಿಯ ನಿಜವಾದ ಬೆಲೆ ಎರಡು ಗಂಟೆಯಲ್ಲ: ಕಳಿಸೋದಕ್ಕೆ 2, ರೌಂಡ್‌ಗಳಿಗೆ ಕಾಲು ಕರೆ × ಎರಡು ವಾರ × ಮೂರು ಗಂಟೆ ಲೆಕ್ಕದಲ್ಲಿ 1.5, ಒಟ್ಟು 3.5. ಮೇಲ್ಮೈ ಅರ್ಜಿಗೆ ಇಪ್ಪತ್ತಕ್ಕೊಂದು ಕರೆ. ವಾರಕ್ಕೆ ಆರು ಕಳಿಸಿದರೆ ಕಳಿಸೋದಕ್ಕೆ ಒಂದು ಗಂಟೆ, ರೌಂಡ್‌ಗಳಿಗೆ 1.8. ಹತ್ತರಲ್ಲಿ 2.8 ಕಳೆದರೆ 7.2, ಅದನ್ನು 3.5ರಿಂದ ಭಾಗಿಸಿದರೆ ಎರಡು. ವಾರಕ್ಕೆ ಎರಡು ಆಳ, ಆರು ಮೇಲ್ಮೈ. ತಿಂಗಳಿಗೆ 8 ಮತ್ತು 24. ಈ ಸಂಖ್ಯೆ ಇಷ್ಟು ಚಿಕ್ಕದು ಅಂತ ಒಪ್ಪಿಕೊಳ್ಳೋಕೆ ಮನಸ್ಸೇ ಬರಲ್ಲ, ಆದರೆ ಗಂಟೆಗಳು ಅಷ್ಟೇ ಇರೋದು.

ಹಾಗಾದರೆ ಮೇಲ್ಮೈ ಅರ್ಜಿ ಯಾಕೆ ಬೇಕು? ಒಂದು ಕರೆಗೆ ಲೆಕ್ಕ ಹಾಕಿದರೆ ಅದೇ ಅಗ್ಗ: ಇಪ್ಪತ್ತು ಅರ್ಜಿಗೆ 3 ಗಂಟೆ 20 ನಿಮಿಷ, ಆಳದ್ದಾದರೆ ನಾಲ್ಕಕ್ಕೆ 8 ಗಂಟೆ. ಆದರೆ ಕರೆ ಆಫರ್ ಅಲ್ಲ. ಆಳದ ಕರೆಗಳಲ್ಲಿ ನಾಲ್ಕಕ್ಕೊಂದು ಆಫರ್, ಮೇಲ್ಮೈಯಲ್ಲಿ ಹತ್ತಕ್ಕೊಂದು ಅಂತ ಹಿಡಿದು, ಪ್ರತಿ ಕರೆಗೆ ಆರು ಗಂಟೆಯ ರೌಂಡ್ ಸೇರಿಸಿ. ಒಂದು ಆಫರ್‌ಗೆ ಆಳದಲ್ಲಿ 56 ಗಂಟೆ, ಮೇಲ್ಮೈಯಲ್ಲಿ 93. ಈಗ ಒಂದೇ ಒಂದು ಅಂಕಿ ಬದಲಿಸಿ: ಹೊಂದದ ಮೇಲ್ಮೈ ಕರೆಯನ್ನು ಬೇಗ ಕೈಬಿಟ್ಟು ಸರಾಸರಿ ಮೂರು ಗಂಟೆಗೆ ಇಳಿಸಿದರೆ 93 ಹೋಗಿ 63 ಆಗುತ್ತೆ. ಮೇಲ್ಮೈ ದಾರಿ ದುಬಾರಿಯಾಗೋದು ಅರ್ಜಿಗಳ ರಾಶಿಯಿಂದಲ್ಲ, ಬೇಡ ಅನ್ನೋಕೆ ತಡಮಾಡೋದರಿಂದ. ಮೊದಲ ಫೋನಿನಲ್ಲೇ ಮೂರು ಕೇಳಿಬಿಡಿ: ಈ ಹುದ್ದೆಗೆ ಬಜೆಟ್ ಎಷ್ಟು, 90 ದಿನ ಕಾಯ್ತೀರಾ, ದಿನದ ಕೆಲಸದಲ್ಲಿ ಎಷ್ಟು ಪಾಲು ಹೊಸ ಕೋಡ್ ಎಷ್ಟು ಪಾಲು ಸಪೋರ್ಟ್. ನೋಟಿಸ್ ಪ್ರಶ್ನೆಯಲ್ಲೇ ಎಷ್ಟೋ ಸಾಲುಗಳು ಉದುರುತ್ತವೆ, ಯಾಕಂದರೆ ಹಲವರಿಗೆ ಬೇಕಾಗಿರೋದು 30 ದಿನದೊಳಗೆ ಬರುವವರು.

ಕನ್ಸಲ್ಟೆನ್ಸಿಗಳ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ, ಸಿಟ್ಟು ಆರಿಲ್ಲ. ಕಂಪನಿ ಹೆಸರಿಲ್ಲದ ಜೆಡಿ ಕಳಿಸ್ತಾರೆ, ‘ಅರ್ಜೆಂಟ್, ಇವತ್ತೇ ರೆಸ್ಯೂಮೆ ಕೊಡಿ’ ಅಂತಾರೆ. ಅದೇ ಹುದ್ದೆಗೆ ಇನ್ನೊಂದು ಕನ್ಸಲ್ಟೆನ್ಸಿಯೂ ಕಳಿಸಿದರೆ ಒಂದೇ ಹೆಸರು ಎರಡು ಸಲ ಬಂತು ಅಂತ ಎರಡನ್ನೂ ಪಕ್ಕಕ್ಕಿಡುವ ಕಂಪನಿಗಳಿವೆ. ಅದಕ್ಕಿಂತ ದೊಡ್ಡ ನಷ್ಟ, ಹೀಗೆ ಒಮ್ಮೆ ಒಳಹೋದ ಪ್ರೊಫೈಲ್‌ಗೆ ಆಮೇಲೆ ಕೆಲವು ತಿಂಗಳು ರೆಫರಲ್ ನಡೆಯದೇ ಇರಬಹುದು. ಹತ್ತು ನಿಮಿಷದ ಮೇಲ್ಮೈ ಅರ್ಜಿ ಎರಡು ಗಂಟೆಯ ಆಳದ ಅರ್ಜಿಯ ಬಾಗಿಲು ಮುಚ್ಚಿದ ಹಾಗೆ. ಕಂಪನಿ ಹೆಸರು ಮೇಲ್‌ನಲ್ಲಿ ಬರೆದು ಕೊಡುವ ತನಕ ರೆಸ್ಯೂಮೆ ಕೊಡಬೇಡಿ. ಶೀಟಿನಲ್ಲಿ ‘ಯಾರ ಮೂಲಕ’ ಅನ್ನೋ ಕಾಲಂ ಇರಲೇಬೇಕು.

ಅಂದಹಾಗೆ, ಮುಂದಿನ ಪ್ರಾಜೆಕ್ಟ್ ಮನಸ್ಸಿನಲ್ಲಿ ಕುದೀತಿದೆ: ತಿದ್ದಿದ ರೆಸ್ಯೂಮೆಯ ಪ್ರತಿ ಸಾಲನ್ನೂ ಒಂದೆಡೆ ಇಟ್ಟು, ಯಾವ ಸಾಲಿಗೆ ಕರೆ ಬಂತು ಅಂತ ಗುರುತಿಡುವ ಸಾಲುಕೋಶ. ಪೇಮೆಂಟ್ಸ್ ಸಾಲು ಒಮ್ಮೆ ಬರೆದರೆ ಮುಂದಿನ ಪೇಮೆಂಟ್ಸ್ ಜೆಡಿಗೆ ಅದೇ ಸಾಲು ಸಿದ್ಧ, ಎರಡು ಗಂಟೆಯ ಅರ್ಜಿ ಒಂದೂವರೆಗೆ ಇಳಿಯಬಹುದು. ಇಳಿದರೆ ಮೇಲಿನ 3.5 ಮೂರಾಗುತ್ತೆ, ಸಂಖ್ಯೆಯೂ ಬದಲಾಗುತ್ತೆ. ಅದು ಆಮೇಲೆ.

ಎರಡನೇ ಆವೃತ್ತಿಗೆ ಬರೋಣ. ಎಂಟು ಆಳದ ಅರ್ಜಿಗಳನ್ನು ವಾರಕ್ಕೆ ಎರಡೆರಡಾಗಿ ಹಂಚಿಲ್ಲ: 3, 3, 2, 0. ಮೇಲ್ಮೈ 8, 6, 6, 4. ನಾಲ್ಕನೇ ವಾರ ಕಳಿಸಿದ ಆಳದ ಅರ್ಜಿ ಆ ತಿಂಗಳಲ್ಲಿ ಫಲಿಸೋದೇ ಇಲ್ಲ. ಇನ್ನೊಂದು ಕಾರಣ ಆಫರ್‌ಗಳದ್ದು. ಉತ್ತರ ಹೇಳೋಕೆ ಕೆಲವೇ ದಿನ ಕೊಡ್ತಾರೆ, ಹೋಲಿಸಿ ನೋಡಬೇಕಾದರೆ ಅವು ಅಕ್ಕಪಕ್ಕದಲ್ಲೇ ಬರಬೇಕು. ಮೊದಲ ವಾರ ಉಳಿಯುವ 2 ಗಂಟೆ 40 ನಿಮಿಷ ಸಿಸ್ಟಂ ಡಿಸೈನ್ ಅಭ್ಯಾಸಕ್ಕೆ. ಅದು ಎಲ್ಲ ಕಡೆಯ ರೌಂಡ್‌ಗೂ ಉಪಯೋಗಕ್ಕೆ ಬರುವ ತಯಾರಿ.

ಇನ್ನು ಮಿತಿಗಳು. ಕಾಯುತ್ತಿರುವ ಆಳದ ಅರ್ಜಿ ಆರು ಮೀರಬಾರದು, ರೌಂಡ್‌ನಲ್ಲಿರೋದು ಮೂರು ಮೀರಬಾರದು. ಮೂರು ತುಂಬಿದ ದಿನ ಹೊಸ ಆಳದ ಅರ್ಜಿ ನಿಲ್ಲುತ್ತೆ. ನಾಲ್ಕನೆಯ ಕರೆ ಬಂದರೆ ಒಂದು ವಾರ ಮುಂದಕ್ಕೆ ದಿನ ಕೇಳೋದು. B ಕಾಲಂ ಕಳಿಸಿದ ದಿನ, C ಜಾತಿ, D ಹಂತ:

```
=COUNTIFS(C:C,"deep",D:D,"wait")
=COUNTIF(D:D,"round")
=IF(AND(D2="wait",TODAY()-B2>14),"close","")
```

ಮೂರನೇ ಸಾಲು ಬಹಳ ಮುಖ್ಯ. 14 ದಿನ ಸದ್ದಿಲ್ಲದಿದ್ದರೆ ಆ ಸಾಲು ಮುಚ್ಚಿ. ಮುಚ್ಚದಿದ್ದರೆ ಸತ್ತ ಅರ್ಜಿಗಳೇ ಆರು ಜಾಗ ಹಿಡಿದು ಕೂರುತ್ತವೆ, ಶೀಟ್ ತುಂಬಿದೆ ಅಂತ ತೋರಿಸುತ್ತೆ, ಹೊಸದು ಹೋಗೋದೇ ಇಲ್ಲ. ಮುಚ್ಚಿದ ಮೇಲೆ ಕರೆ ಬಂದರೆ ‘round’ ಅಂತ ತಿದ್ದಿದರಾಯ್ತು.

ಇನ್ನೊಂದು ಲೆಕ್ಕ ಶೀಟಿನಲ್ಲೇ ಕಣ್ಣಿಗೆ ಹೊಡೆಯುತ್ತೆ: ತಿಂಗಳಿಗೆ ಇರೋದು 40 ಗಂಟೆ, ಒಂದು ಆಫರ್‌ಗೆ ಬೇಕಾದದ್ದು 56. ಅಂದರೆ ಒಂದು ತಿಂಗಳ ಅರ್ಜಿಗಳಿಂದ ಪೂರ್ತಿ ಒಂದು ಆಫರ್ ಲೆಕ್ಕಕ್ಕೆ ಬರಲ್ಲ. ಮೂರನೇ ವಾರದ ಆಳದ ಅರ್ಜಿಗಳ ರೌಂಡ್‌ಗಳೂ ತಿಂಗಳು ದಾಟುತ್ತವೆ, ಹಾಗಾಗಿ ಎರಡನೇ ಆವೃತ್ತಿಯ ಕೊನೆಯ ಕಾಲಂ ನಾಲ್ಕನೇ ವಾರವಲ್ಲ, ಆರನೆಯದು. ಐದು, ಆರನೇ ವಾರಗಳಿಗೆ ಹೊಸ ಅರ್ಜಿ ಇಲ್ಲ, ಬರೀ ರೌಂಡ್‌ಗಳು.