ಹಿಸ್ಟೋಗ್ರಾಂ ಚಿತ್ರದಿಂದ ಅಂಕಗಳ ಲೆಕ್ಕ: ಕೆಲಸ ಎಲ್ಲಿಗೆ ಬಂತು

ಪೆರ್ಲದ ಹತ್ತಿರದ ಒಂದು ಹೈಸ್ಕೂಲಿನ ಗಣಿತ ಮಾಷ್ಟ್ರು ವಾಟ್ಸ್ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಹತ್ತನೆಯ ತರಗತಿಯ ಮಾದರಿ ಪರೀಕ್ಷೆ, ಗಣಿತ, 80 ಅಂಕ. ಮೂರು ಡಿವಿಷನ್ ಸೇರಿ 90 ಮಕ್ಕಳು. ನೀಲಿ ಕಂಬಗಳ ಚಿತ್ರ ಬಿಟ್ಟರೆ ಬೇರೇನೂ ಇಲ್ಲ, ಕಂಬಗಳ ಮೇಲೆ ಸಂಖ್ಯೆಯೂ ಇಲ್ಲ. ಪಟ್ಟಿ ಕೇಳದೆ, ಈ ಚಿತ್ರವೊಂದರಿಂದಲೇ ಎಷ್ಟು ಹೇಳಬಹುದು ಅಂತ ನೋಡುವುದು ಈ ಸಲದ ಕೆಲಸ.

ಮೊದಲು ಕಂಬಗಳ ಎತ್ತರ. ಚಿತ್ರವನ್ನು ಜಿಂಪ್‌ನಲ್ಲಿ ತೆರೆದು, ಎಡಗಡೆಯ ಅಳತೆಯಲ್ಲಿ 0 ಮತ್ತು 30ರ ಗೆರೆಗಳು ಯಾವ ಪಿಕ್ಸೆಲ್ ಸಾಲಿನಲ್ಲಿವೆ ಅಂತ ನೋಡಿದೆ. 0 ಇರುವುದು 412ನೇ ಸಾಲಿನಲ್ಲಿ, 30 ಇರುವುದು 112ರಲ್ಲಿ. ಅಂದರೆ ಒಬ್ಬ ವಿದ್ಯಾರ್ಥಿಗೆ 10 ಪಿಕ್ಸೆಲ್. ಅತಿ ಎತ್ತರದ ಕಂಬದ ತುದಿ 143ರಲ್ಲಿ. 412ರಿಂದ 143 ಕಳೆದು 10ರಿಂದ ಭಾಗಿಸಿದರೆ 26.9. ಮಕ್ಕಳ ಸಂಖ್ಯೆ ಪೂರ್ಣಾಂಕವೇ ಆಗಬೇಕಲ್ವಾ, ಹಾಗಾಗಿ 27. ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡಿ ಅಂಚು ಎರಡು ಮೂರು ಪಿಕ್ಸೆಲ್ ಮಸುಕಾಗಿದ್ದರೂ ಇಲ್ಲಿ ತೊಂದರೆಯಿಲ್ಲ. ಒಬ್ಬರಿಗೆ ಎರಡೇ ಪಿಕ್ಸೆಲ್ ಸಿಗುವ ಸಣ್ಣ ಚಿತ್ರವಾಗಿದ್ದರೆ ಈ ದಾರಿಯನ್ನು ನಂಬುವ ಹಾಗಿಲ್ಲ.

ಎಡದಿಂದ ಬಲಕ್ಕೆ, ಹತ್ತು ಹತ್ತು ಅಂಕದ ವರ್ಗಾಂತರಕ್ಕೆ ಸಿಕ್ಕಿದ್ದು: 2, 0, 3, 7, 14, 22, 27, 15. ಕೂಡಿದರೆ 90. ಮಾಷ್ಟ್ರು ಹೇಳಿದ ಸಂಖ್ಯೆಗೆ ಸರಿಹೊಂದಿತು. ಈ ತಾಳೆ ಬೇಕೇಬೇಕು. ಕೆಳಗಿನ ಗೆರೆ ಸೊನ್ನೆಯಿಂದ ಶುರುವಾಗದ ಚಿತ್ರವಾದರೆ ಇಲ್ಲೇ ಗೊತ್ತಾಗುತ್ತದೆ.

ಆಮೇಲಿನ ಲೆಕ್ಕ ಶಾಲೆಯಲ್ಲಿ ಕಲಿತದ್ದೇ. ಪ್ರತಿ ವರ್ಗದ ಮಕ್ಕಳೆಲ್ಲ ಮಧ್ಯಬಿಂದುವಿನಲ್ಲಿ ಇದ್ದಾರೆ ಅಂತ ಇಟ್ಟುಕೊಳ್ಳುವುದು.

```python
mid = [5, 15, 25, 35, 45, 55, 65, 75]
n = [2, 0, 3, 7, 14, 22, 27, 15]
N = sum(n)
m = sum(a*b for a, b in zip(mid, n)) / N
s = (sum(b*(a-m)**2 for a, b in zip(mid, n)) / N) ** 0.5
g = sum(b*(a-m)**3 for a, b in zip(mid, n)) / N / s**3
print(m, s, g)
```

ಸರಾಸರಿ 56.1, ಮಾನಕ ವಿಚಲನೆ 15.1, ಸ್ಕ್ಯೂ ಸುಮಾರು -1.04.

ಈ 56.1ನ್ನು ಎಷ್ಟು ನಂಬಬಹುದು? ಎಲ್ಲರೂ ತಮ್ಮ ವರ್ಗದ ಎಡ ಅಂಚಿನಲ್ಲೇ ಇದ್ದರೆ ಸರಾಸರಿ 51ಕ್ಕೆ ಇಳಿಯುತ್ತದೆ, ಬಲ ಅಂಚಿನಲ್ಲೇ ಇದ್ದರೆ 61ಕ್ಕೆ ಏರುತ್ತದೆ. 90 ಮಕ್ಕಳೂ ಒಂದೇ ಕಡೆ ವಾಲುವುದು ಆಗದ ಮಾತು. ಹೆಚ್ಚು ಕಮ್ಮಿಗಳು ಒಂದಕ್ಕೊಂದು ಹೊಡೆದುಹೋಗುತ್ತವೆ. ನಿಜವಾದ ಚಿಂತೆ ಬೇರೆ: ಸರಿಯಾಗಿ 60 ಸಿಕ್ಕ ಹುಡುಗಿ ಯಾವ ಕಂಬದಲ್ಲಿದ್ದಾಳೆ?

ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎಡ ಅಂಚು ಒಳಗೆ, ಬಲ ಅಂಚು ಹೊರಗೆ. 60 ಅಂದರೆ 60-70ರ ಕಂಬ. ಕೊನೆಯ ಕಂಬಕ್ಕೆ ಮಾತ್ರ ರಿಯಾಯಿತಿ, ಅದರಲ್ಲಿ 80 ಕೂಡ ಸೇರುತ್ತದೆ. ಎಕ್ಸೆಲ್‌ನ ಹಿಸ್ಟೋಗ್ರಾಂ ಚಾರ್ಟ್ ಇದಕ್ಕೆ ಉಲ್ಟಾ. ಅಲ್ಲಿ 60 ಬೀಳುವುದು 50-60ರ ಕಂಬಕ್ಕೆ. ಅಂಕಗಳು ಪೂರ್ಣ ಸಂಖ್ಯೆ ಆದ್ದರಿಂದ ಮೊದಲನೆಯದರಲ್ಲಿ ಒಂದು ಕಂಬದೊಳಗೆ 50ರಿಂದ 59, ಮಧ್ಯ 54.5. ಎರಡನೆಯದರಲ್ಲಿ 51ರಿಂದ 60, ಮಧ್ಯ 55.5. ಹಾಗೆ ತಿದ್ದಿದರೆ ಸರಾಸರಿ ಒಂದು ಕಡೆ 55.7, ಇನ್ನೊಂದು ಕಡೆ 56.6. ಚಿತ್ರ ಯಾವುದರಿಂದ ಬಂತು ಅಂತ ತಿಳಿಯಲು ಕಂಬದ ಕೆಳಗಿನ ಬರಹ ನೋಡಬೇಕು. ಎಕ್ಸೆಲ್ ಆದರೆ `(50, 60]` ಅಂತ ಆವರಣದ ಸಮೇತ ಬರೆಯುತ್ತದೆ. ನನ್ನ ಚಿತ್ರದಲ್ಲಿ ಕಂಬಗಳ ಅಂಚಿಗೆ ಬರೀ 0, 10, 20 ಇತ್ತು, ಬಣ್ಣವೂ ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ನೀಲಿ. 55.7 ಅಂತ ಬರೆದಿಟ್ಟೆ.

ಇನ್ನು ಸ್ಕ್ಯೂ, ಅಂದರೆ ಹರವು ಯಾವ ಕಡೆಗೆ ಬಾಲ ಎಳೆದಿದೆ ಅನ್ನುವ ಅಳತೆ. ಋಣ ಚಿಹ್ನೆ ಬಂದರೆ ಬಾಲ ಎಡಕ್ಕೆ. ಮಧ್ಯಾಂಕವನ್ನು ನೋಡಿದರೂ ಹಾಗೇ ಕಾಣುತ್ತದೆ. ಎಡದಿಂದ ಎಣಿಸುತ್ತಾ ಹೋದರೆ 50ರ ಕೆಳಗೆ 26 ಮಕ್ಕಳು, ಅರ್ಧ ತಲುಪಲು ಇನ್ನೂ 19 ಬೇಕು, 50-60ರಲ್ಲಿ 22 ಇದ್ದಾರೆ. ಹಾಗಾಗಿ ಮಧ್ಯಾಂಕ ಸುಮಾರು 58.6. ಸರಾಸರಿ ಅದಕ್ಕಿಂತ ಕೆಳಗಿದೆ.

ಆದರೆ -1.04 ಅನ್ನುವುದು ಇಡೀ ತರಗತಿಯ ಗುಣವೋ, ಎಡತುದಿಯ ಇಬ್ಬರ ಗುಣವೋ? ಆ ಇಬ್ಬರನ್ನು ತೆಗೆದು ಮತ್ತೆ ಓಡಿಸಿದೆ. ಸರಾಸರಿ ಏರಿದ್ದು 1.2 ಅಂಕ ಮಾತ್ರ. ಸ್ಕ್ಯೂ ಮಾತ್ರ -0.55ಕ್ಕೆ ಬಂತು, ಹತ್ತಿರ ಹತ್ತಿರ ಅರ್ಧ! ಅದರಲ್ಲಿ ದೂರವನ್ನು ಘನ ಮಾಡುತ್ತೇವಲ್ಲ, 51 ಅಂಕ ದೂರ ನಿಂತವರ ಧ್ವನಿ ಉಳಿದವರ ಧ್ವನಿಯನ್ನು ಮುಚ್ಚಿಬಿಡುತ್ತದೆ. ಉಳಿದ -0.55 ಪೇಪರಿನದ್ದು. ಸುಲಭದ ಪೇಪರು, ಮಕ್ಕಳು ಮೇಲಕ್ಕೆ ಏರಿ 80ರ ಮಾಡಿಗೆ ತಾಗಿದ್ದಾರೆ. ಹೀಗಾಗಿ ಸ್ಕ್ಯೂ ಹೇಳುವಾಗ ನಾನು ಈಗ ಎರಡೂ ಸಂಖ್ಯೆ ಬರೆಯುತ್ತೇನೆ.

ಆ ಇಬ್ಬರು ಔಟ್‌ಲೈಯರ್, ಅಂದರೆ ಗುಂಪಿನಿಂದ ತೀರಾ ದೂರ ನಿಂತವರು, ಹೌದಾ? ಕೆಳಗಿನ ಕಾಲುಭಾಗದ ಗಡಿ 47.5ರ ಹತ್ತಿರ, ಮೇಲಿನದು 67.2. ನಡುವಿನ ಅಂತರ 19.7. ಅದರ ಒಂದೂವರೆ ಪಟ್ಟು ಕೆಳಗಿನ ಗಡಿಯಿಂದ ಕಳೆದರೆ 17.9, ಅದೇ ಕೆಳಗಿನ ಬೇಲಿ; ಅದರಾಚೆ ಇರುವವರು ಔಟ್‌ಲೈಯರ್. ಇದು ಅಂದಾಜು, ನಾಲ್ಕಾರು ಅಂಕ ಆಚೀಚೆ ಆಗಬಹುದು. ಅಷ್ಟು ಅಲುಗಿದರೂ 0-10ರ ಇಬ್ಬರು ಹೊರಗೇ. 20-30ರ ಮೂವರ ಬಗ್ಗೆ ಹಾಗೆ ಹೇಳಲಾರೆ, ಅವರು ಗಡಿಯ ಮಕ್ಕಳು. ಮೇಲಿನ ಬೇಲಿ 96.8ಕ್ಕೆ ಬರುತ್ತದೆ. ಪೇಪರೇ 80ಕ್ಕೆ ಮುಗಿಯುವುದರಿಂದ ಮೇಲುಗಡೆ ಔಟ್‌ಲೈಯರ್ ಹುಡುಕುವುದು ಸುಮ್ನೆ.

ಇಷ್ಟೆಲ್ಲ ಬರೆದಿಟ್ಟ ಮೇಲೆ ಮಾಷ್ಟ್ರಿಗೆ ಫೋನ್ ಮಾಡಿದೆ.

"ಸರಾಸರಿ 55.9 ಬಂದಿದೆ ಮಾರಾಯ, ನೀನು ಪಟ್ಟಿ ಎಲ್ಲಿಂದ ತೆಗೆದೆ?" ಅಂದರು.

"ಪಟ್ಟಿ ಇಲ್ಲ ಮಾಷ್ಟ್ರೇ, ಚಿತ್ರ ಅಳೆದದ್ದು. ಸೊನ್ನೆ ಹತ್ತಿರ ಇಬ್ಬರಿದ್ದಾರಲ್ಲ, ಯಾರಾದರೂ ಪರೀಕ್ಷೆಗೆ ಬಾರದವರಾ?"

"ಒಬ್ಬ ಬಂದೇ ಇಲ್ಲ. ಕಾಲಿ ಬಿಟ್ಟರೆ ಸಾಲು ತಪ್ಪುತ್ತದೆ ಅಂತ 0 ಹಾಕಿದ್ದೆ. ಇನ್ನೊಬ್ಬನಿಗೆ 7."

ಈ ವ್ಯತ್ಯಾಸ ಯಾವ ಅಳತೆಯಿಂದಲೂ ಸಿಗುವುದಿಲ್ಲ. ಚಿತ್ರದ ಮಟ್ಟಿಗೆ 0 ಮತ್ತು 7 ಒಂದೇ ಕಂಬ. ಬಾರದ ಹುಡುಗನನ್ನು ಬಿಟ್ಟು ಮಾಡಿದರೆ ನನ್ನ ಲೆಕ್ಕದ ಸ್ಕ್ಯೂ -0.87. ಮಾಷ್ಟ್ರು ಲಿಬ್ರೆಆಫೀಸ್‌ನಲ್ಲಿ `SKEW` ಹಾಕಿ ನೋಡುವುದಾದರೆ ಚಿಹ್ನೆ ಬಿಟ್ಟು ಸಂಖ್ಯೆ ಸ್ವಲ್ಪ ದೊಡ್ಡದು ಬರುತ್ತದೆ, ಯಾಕೆಂದರೆ ಅದು ದೊಡ್ಡ ಗುಂಪಿನಿಂದ ಆಯ್ದ ಮಾದರಿಗೆ ಇರುವ ಸೂತ್ರ. ನನ್ನ ಸೂತ್ರಕ್ಕೆ ಹೊಂದುವುದು `SKEWP`.

ಪಾಸ್ ಫೇಲ್ ಕೂಡ ಈ ಚಿತ್ರದಿಂದ ಸಿಗದು. ಪಾಸಾಗಲು ಬೇಕಾದ D+ ಗ್ರೇಡಿಗೆ ಶೇಕಡಾ 30 ಬೇಕು, 80ಕ್ಕೆ 24. ಆ ಗೆರೆ 20-30ರ ಕಂಬದ ನಡುವೆ ಹಾದುಹೋಗುತ್ತದೆ. ಹಾಗಾಗಿ 24ರ ಕೆಳಗಿರುವವರು ಇಬ್ಬರಿಂದ ಐವರವರೆಗೆ ಎಷ್ಟೂ ಆಗಬಹುದು. ಮುಂದಿನ ಪರೀಕ್ಷೆಗೆ ಎಂಟೆಂಟು ಅಂಕದ ಕಂಬ ಮಾಡಿ ಅಂತ ಮಾಷ್ಟ್ರಿಗೆ ಹೇಳಿದ್ದೇನೆ. 24 ಆಗ ಸರಿಯಾಗಿ ಅಂಚಿಗೆ ಬರುತ್ತದೆ, 80 ಕೂಡ. ಇಪ್ಪತ್ತರ ಅಗಲ ಮಾತ್ರ ಬೇಡ. ಹಾಗೆ ಮಾಡಿದರೆ 10-20ರ ಖಾಲಿ ಜಾಗ ಮುಚ್ಚಿಹೋಗಿ ಆ ಇಬ್ಬರು ಸಾಧಾರಣ ಬಾಲದ ಹಾಗೆ ಕಾಣುತ್ತಾರೆ.

ಕಂಬದ ತುದಿಯನ್ನು ತಾನಾಗಿ ಓದುವ ಸ್ಕ್ರಿಪ್ಟ್ ಅರ್ಧ ಆಗಿದೆ. ತುದಿಯ ಮೇಲೆ ಅಡ್ಡಗೆರೆ ಹಾದುಹೋದಲ್ಲಿ ಅದು ಎಡವುತ್ತಿದೆ. ಬಣ್ಣದ ಬದಲು ಕಂಬದ ನಡುಗೆರೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹುಡುಕಿಸಿ ನೋಡಬೇಕು.